ಒಂದು ಹಾಳೆ ಒಣಗುವಷ್ಟು ಹೊತ್ತು



ಪೆರಂಬೂರು ಎಂದರೆ ನಿಮಗೆ ಮೊದಲು ನೆನಪಾಗುವುದು ರೈಲು ಬೋಗಿ ಕಾರ್ಖಾನೆ. 1955ರಲ್ಲಿ ಶುರುವಾದ ಆ ಐ.ಸಿ.ಎಫ್.ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವರೊಬ್ಬರ ಮನೆಯ ಕಥೆ ಇದು. ಅವರ ಹೆಂಡತಿ ಟೀಚರಮ್ಮ, ಈಗ ನಿವೃತ್ತರು. ಹೆಸರು ಬೇಡ; ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

ಟೀಚರಮ್ಮನವರ ಮೊಮ್ಮಗಳು ನಿಮ್ಮ ಹಾಗೆಯೇ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬಾರದು. ಏಳು ವರ್ಷದವಳಿದ್ದಾಗ ಅಜ್ಜಿ ಸ್ಲೇಟು ಹಿಡಿಸಿದ್ದುಂಟು. "ಎಷ್ಟು ಸಲ ಹೇಳಬೇಕೇ ನಿನಗೆ?" ಎಂದು ಗದರಿದ ದಿನ ಹುಡುಗಿ ಸ್ಲೇಟು ಕೆಳಗಿಟ್ಟವಳು ಮತ್ತೆ ಮುಟ್ಟಲಿಲ್ಲ. ಈಗ ಕೆಲಸ ಸಿಕ್ಕಿ, ಇಪ್ಪತ್ತು ದಿನದಲ್ಲಿ ಪುಣೆಗೆ ಹೊರಡಬೇಕು. ಅಷ್ಟರೊಳಗೆ ತಮ್ಮ ಕೈಯಾರೆ ಕಾಗದ ಮಾಡಿ, ಹದಿನಾರು ಹಾಳೆಯ ನೋಟ್‌ಬುಕ್ ಹೊಲಿದು, ಅದರಲ್ಲಿ ಅಕ್ಷರಮಾಲೆ ಬರೆದುಕೊಡಬೇಕೆಂದು ಅಜ್ಜಿಯ ಹಟ.

ಕಾಗದಕ್ಕೆ ಬಳಸಿದ್ದು ಅಟ್ಟದ ಮೇಲಿದ್ದ ಹಳೆಯ ನೋಟ್‌ಬುಕ್‌ಗಳು. ಪಿನ್ನು, ರಟ್ಟು ತೆಗೆದು, ಹಾಳೆಗಳನ್ನು ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ ಒಂದು ರಾತ್ರಿ ನೆನೆಹಾಕಿದರು. ಬೆಳಿಗ್ಗೆ ಒಂದು ಹಿಡಿ ಚೂರಿಗೆ ಮುಕ್ಕಾಲು ಜಾರು ನೀರು ಹಾಕಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿದರು. ಹೆಚ್ಚು ಹೊತ್ತು ಅರೆದರೆ ನಾರು ತುಂಡಾಗಿ ಹಾಳೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅಗಲವಾದ ಟಬ್ಬಿನ ನೀರಿಗೆ ಆ ತಿರುಳು ಸುರಿದು ಕೈಯಿಂದ ಕಲಕಿ, ಸೊಳ್ಳೆಪರದೆ ಬಿಗಿದ ಹಳೆಯ ಫೋಟೋ ಚೌಕಟ್ಟನ್ನು ಓರೆಯಾಗಿ ಮುಳುಗಿಸಿ, ಸಮವಾಗಿ ಮೇಲೆತ್ತಬೇಕು. ಎತ್ತಿದ ಕೂಡಲೇ ಹಿಂದಕ್ಕೂ ಮುಂದಕ್ಕೂ, ಆ ಪಕ್ಕಕ್ಕೂ ಈ ಪಕ್ಕಕ್ಕೂ ಒಮ್ಮೆ ಅಲುಗಿಸಿದರೆ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರು ಬಸಿದ ಮೇಲೆ ಒದ್ದೆ ಬಟ್ಟೆಯ ಮೇಲೆ ಮಗುಚಿ, ಮೇಲೊಂದು ಬಟ್ಟೆ ಹೊದಿಸಿ, ಎರಡು ಹಲಗೆಯ ನಡುವೆ ಇಟ್ಟು ಒರಳುಗಲ್ಲು ಹೇರಿದರು.

ಇಲ್ಲಿಯವರೆಗೆ ಒಂದು ದಿನದ ಕೆಲಸ. ಸುಲಭ ಎಂದುಕೊಂಡಿರಾ? ಟೀಚರಮ್ಮನೂ ಹಾಗೆಯೇ ಎಂದುಕೊಂಡರು.

ಅದು ನವೆಂಬರ್ ತಿಂಗಳು. ನಮ್ಮ ಊರಿನ ಮಳೆಗಾಲ ಆಗಲೇ ಎಂಬುದು ನಿಮಗೆ ಗೊತ್ತು. ಹಾಳೆ ಒಣಗಲೊಲ್ಲದು. ಎರಡನೆಯ ದಿನ ಅವಸರಪಟ್ಟು ಇಸ್ತ್ರಿ ಪೆಟ್ಟಿಗೆ ಎಳೆದರು. ಅಂಚು ಮೊದಲು ಒಣಗಿ ಕುಗ್ಗಿತು, ನಡುವೆ ಒದ್ದೆ ಉಳಿಯಿತು, ಹಾಳೆ ಹಪ್ಪಳದಂತೆ ಉಬ್ಬಿತು. ಇನ್ನೊಂದನ್ನು ಸುಲಿಯಲು ಹೋದರೆ ಮೇಲ್ಪದರ ಬಟ್ಟೆಗೇ ಅಂಟಿಕೊಂಡಿತು. ಉಳಿದ ತಿರುಳು ಬಕೆಟ್‌ನಲ್ಲೇ ಹುಳಿತು ನಾರಿತು.

"ಅಜ್ಜಿ, ಅಂಗಡಿಯಲ್ಲಿ ನೋಟ್‌ಬುಕ್ ಸಿಗುತ್ತಲ್ಲ?" ಎಂದಳು ಮೊಮ್ಮಗಳು.

ಅಜ್ಜಿ ಉತ್ತರ ಕೊಡಲಿಲ್ಲ. ಮತ್ತೆ ಚೂರು ನೆನೆಹಾಕಿದರು. ಈ ಸಲ ಹಿಂಡಿದ ಹಸಿ ಹಾಳೆಯನ್ನು ಒಳಕೋಣೆಯ ಕಿಟಕಿ ಗಾಜಿಗೆ ಅಂಟಿಸಿ, ಬಟ್ಟೆಯನ್ನು ಮೂಲೆಯಿಂದ ಮೆಲ್ಲಗೆ ಸುಲಿದರು. ಗಾಜು ಹಿಡಿದುಕೊಂಡರೆ ಹಾಳೆ ಮುದುಡಿಕೊಳ್ಳುವುದಿಲ್ಲ. ಎರಡು ಗಾಜು, ಎರಡೇ ಹಾಳೆ. ದಿನಕ್ಕೆ ನಾಲ್ಕು ಸಲ ಹೋಗಿ ಕೆನ್ನೆ ತಾಗಿಸಿ ನೋಡುತ್ತಿದ್ದರು. ತಣ್ಣಗೆ ಹತ್ತಿದರೆ ಒಳಗಿನ್ನೂ ನೀರಿದೆ ಎಂದರ್ಥ. ಬೆರಳಿಗೆ ತಿಳಿಯದ್ದು ಕೆನ್ನೆಗೆ ತಿಳಿಯುತ್ತದೆ. ನಾಲ್ಕನೆಯ ದಿನ ಅಂಚು ತಾನಾಗಿಯೇ ಬಿಟ್ಟುಕೊಂಡಿತು.

ಮೂಲೆಯಲ್ಲೊಂದು ಚುಕ್ಕೆ ಶಾಯಿ ಹಾಕಿದರು. ಅದು ಜೇಡನ ಕಾಲಿನ ಹಾಗೆ ಹರಡಿತು! ಅದಕ್ಕೆ ತೆಳುವಾದ ಅನ್ನದ ಗಂಜಿ ಸವರಿ ಮತ್ತೆ ಒಣಗಿಸಬೇಕು. ದಪ್ಪ ಗಂಜಿಯಾದರೆ ಜಿರಲೆ ಬರುತ್ತದೆ. ಇದೇನೂ ಹೊಸ ವಿದ್ಯೆಯಲ್ಲ ಬಿಡಿ. ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸವರಿ ಒಣಗಿಸಿ, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದರ ಹೆಸರು ಕಡತ. ಇಂದು ಆಫೀಸಿನ ಫೈಲಿಗೆ ಆ ಹೆಸರು ಉಳಿದಿದೆ.

ಹೀಗೆ ಚೂರು ನೆನೆಹಾಕಿದ ದಿನದಿಂದ ಬರೆಯುವ ದಿನಕ್ಕೆ ಎಂಟು ದಿನ. ಹಾಳೆ ಬೂದು ಬಣ್ಣ, ಅಲ್ಲಲ್ಲಿ ಕೆಂಪು ಚುಕ್ಕೆ. ಅಜ್ಜಿ ಹಿಂದೊಮ್ಮೆ ಮಕ್ಕಳ ತಪ್ಪಿಗೆ ಹಾಕಿದ್ದ ಕೆಂಪು ಶಾಯಿಯ ಉಳಿಕೆ ಅದು.

"ನಾನೇ ಬರೀಲಾ ಅಜ್ಜಿ?" ಎಂದು ಮೊಮ್ಮಗಳೇ ಪೆನ್ನು ತೆಗೆದುಕೊಂಡಳು. ಅಜ್ಜಿ ಬೇರೆ ಚೀಟಿಯಲ್ಲಿ ಬರೆದು ತೋರಿಸಿದರು. ಅ ಬಂತು. ಆ ಬಂತು. ಇ ಬರೆಯುವಾಗ ಸುತ್ತು ತಿರುಗುವಲ್ಲಿ ಕೈ ನಿಂತಿತು. ಟೀಚರಮ್ಮನ ಬಲಗೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡರು. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ತಾನೇ ಸುತ್ತನ್ನು ಮುಗಿಸಿದಳು, ತುಸು ಸೊಟ್ಟಗೆ.

ಹೊರಡುವ ದಿನ ನೋಟ್‌ಬುಕ್ ಇರಲಿಲ್ಲ. ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯೊಳಗೆ ಎರಡು ಹಾಳೆ ಹೋದವು. ಇನ್ನೆರಡು ಗಾಜಿನ ಮೇಲಿದ್ದವು.

"ಅವನ್ನು ಪೋಸ್ಟಿನಲ್ಲಿ ಕಳಿಸ್ತೀರಾ ಅಜ್ಜಿ?"

ಅಜ್ಜಿ ಎದ್ದು ಹೋಗಿ ಕೆನ್ನೆ ತಾಗಿಸಿ ನೋಡಿದರು.

"ಇನ್ನೂ ತಣ್ಣಗಿದೆ ಪುಟ್ಟಿ" ಎಂದರು.