ನೆಲ ಅಳೆದು ಹಂಚು ತರಿಸಿದ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ನಾವಿಬ್ಬರು ಸಿವಿಲ್ ಹುಡುಗರು ಕಳಸದ ಹತ್ತಿರ ಚಿಕ್ಕಪ್ಪನ ತೋಟಕ್ಕೆ ಹೋಗಿದ್ವಿ. ಕಾಫಿ ಮೂಟೆ ಇಡೋ ಸ್ಟೋರಿಗೆ ಹೊಸ ಮಾಡು ಹಾಕಬೇಕಿತ್ತು. "ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಎಷ್ಟು ಹಂಚು ಬೇಕು ಹೇಳಿ" ಅಂದ್ರು ಚಿಕ್ಕಪ್ಪ. ಗೋಡೆ 8 ಮೀಟರ್ ಉದ್ದ, 5 ಮೀಟರ್ ಅಗಲ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15. ಹಾಗಾಗಿ 40 ಗುಣಿಲೆ 15, ಅಂದರೆ 600. ಒಡೆಯೋದಕ್ಕೆ ಅಂತ 30 ಸೇರಿಸಿ ಜಂಬದಿಂದ ಚೀಟಿ ಬರೆದುಕೊಟ್ವಿ. ಲಾರಿ ಚಾರ್ಮಾಡಿ ಘಾಟಿ ಹತ್ತಿ ಬಂತು, ಹಂಚು ಇಳಿಯಿತು.

ಕೆಲಸಕ್ಕೆ ಬಂದ ಆಚಾರ್ರು ಹಂಚಿನ ರಾಶಿ ನೋಡಿ ಕೇಳಿದ್ರು: "ನೆಲ ಅಳೆದು ತರ್ಸಿದ್ರಾ ಮಾರಾಯ್ರೆ? ಹಂಚು ಹೊದಿಸೋದು ಮಾಡಿಗೆ."

ನಾವು ಎರಡು ಕಡೆ ತಪ್ಪಿದ್ವಿ. ಮೊದಲನೆಯದು ಸೂರು. ಈ ಕಡೆಯ ಮಳೆಗೆ ಗೋಡೆ ನೆನೆಯಬಾರದು ಅಂತ ಸೂರನ್ನು ಎರಡೂ ಬದಿ 60 ಸೆಂ.ಮೀ. ಹೊರಗೆ ಬಿಡ್ತಾರೆ, ತುದಿಗಳಲ್ಲಿ 40 ಸೆಂ.ಮೀ. ಅಲ್ಲಿಗೆ ನಮ್ಮ 8 × 5 ಹೋಗಿ 8.8 × 6.2 ಆಯಿತು. ಎರಡನೆಯದು ಇಳಿಜಾರು. ಮಾಡಿನ ಕೋನ 30°. ಒಂದು ಬದಿಯ ಅಡ್ಡಳತೆ 6.2ರ ಅರ್ಧ, 3.1 ಮೀಟರ್. ಇಳಿಜಾರಿನ ಉದ್ದ:

3.1 ÷ cos 30° = 3.58 ಮೀಟರ್

ಎರಡು ಬದಿ ಸೇರಿ 2 × 3.58 × 8.8, ಅಂದರೆ 63 ಚದರ ಮೀಟರ್. ಅದಕ್ಕೆ 15ರಂತೆ 945 ಹಂಚು. ನಾವು ತರಿಸಿದ್ದು 630! ಮೊದಲ ಸೆಮಿಸ್ಟರಿನಲ್ಲೇ ಓದಿದ್ದ cos ಆ ದಿನ ನೆನಪಿಗೆ ಬರಲಿಲ್ಲ.

ಈ 15 ಅನ್ನೋದು ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ಹಂಚು 41 ಸೆಂ.ಮೀ. ಉದ್ದ ಇದ್ದರೂ ಒಂದರ ಮೇಲೊಂದು ಹತ್ತಿ ಕೂರೋದರಿಂದ ಪೂರ್ತಿ ಉದ್ದ ಮುಚ್ಚುವುದಿಲ್ಲ. ಎಷ್ಟು ಮುಚ್ಚುತ್ತದೆ ಅನ್ನೋದನ್ನು ಆಚಾರ್ರು ಅಂಗಳದಲ್ಲೇ ತೋರಿಸಿಕೊಟ್ರು. ಹನ್ನೊಂದು ಹಂಚನ್ನು ಸಾಲಾಗಿ ಲಾಕ್ ಮಾಡಿ ಮಲಗಿಸಿದ್ರು. ಪೂರ್ತಿ ಒತ್ತಿ, ಮೊದಲ ಹಂಚಿನ ಕೊಕ್ಕೆಯಿಂದ ಹನ್ನೊಂದನೆಯದರ ಕೊಕ್ಕೆಗೆ ಅಳೆದರೆ 312 ಸೆಂ.ಮೀ. ಬಂತು. ಲಾಕ್ ಬಿಡದಷ್ಟು ಎಳೆದು ಅಳೆದರೆ 328. ನಡುವಿನ 320ನ್ನು ಹತ್ತರಿಂದ ಭಾಗಿಸಿದರೆ 32 ಸೆಂ.ಮೀ. ರೀಪುಗಳ ಅಂತರ ಅದೇ. ಅಗಲಕ್ಕೂ ಹೀಗೇ ಅಳೆದಾಗ ಹಂಚಿಗೆ 21 ಸೆಂ.ಮೀ. ಸಿಕ್ಕಿತು. 0.32 × 0.21ರಿಂದ 1ನ್ನು ಭಾಗಿಸಿ ನೋಡಿ, 14.9.

ಈ ಅಳತೆ ಹಂಚಿನಿಂದ ಹಂಚಿಗೆ ಬೇರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಅಚ್ಚು ಎಲ್ಲದರದ್ದೂ ಒಂದೇ ಅಲ್ಲ. ಕಡಿಮೆ ಬಿದ್ದ 300 ಹಂಚಿಗೆ ಬಿದ್ದುಹೋದ ಲೈನ್ ಮನೆಯ ಹಳೇ ಹಂಚು ಹಾಕೋಣ ಅಂದ್ವಿ ನಾವು. ಒಂದನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಲಾಕೇ ಕೂರಲಿಲ್ಲ, ಬೆರಳು ತೂರುವಷ್ಟು ಸಂದು. ಹಳೇ ಹಂಚು ಹಾಕಲೇಬೇಕಿದ್ದರೆ ಹಿಂಬದಿಯ ಹೆಸರು ನೋಡಿ ಒಂದೇ ಅಚ್ಚಿನದನ್ನು ಒಂದು ಇಡೀ ಬದಿಗೆ ಹಾಕಬೇಕು, ಆ ಬದಿಯ ರೀಪಿನ ಅಂತರವನ್ನೂ ಬೇರೆ ಅಳೆಯಬೇಕು.

ಈ ಸಲ ಚದರ ಮೀಟರ್ ಬಿಟ್ಟು ಸಾಲು ಎಣಿಸಿದ್ವಿ. ಕೆಳಗಿನ ಹಂಚು ಪೂರ್ತಿ 41 ಸೆಂ.ಮೀ. ಮುಚ್ಚುತ್ತದೆ, ಅದರ ಮೇಲಿನ ಒಂದೊಂದು ಸಾಲೂ 32. ಹನ್ನೊಂದು ಸಾಲಿಗೆ 3.61 ಮೀಟರ್, ನಮ್ಮ 3.58ಕ್ಕೆ ಸಾಕು. ಅಡ್ಡಕ್ಕೆ 8.8 ÷ 0.21, ಅಂದರೆ 42 ಹಂಚು. ಎರಡು ಬದಿಗೆ 924. ನೂರಕ್ಕೆ ಐದು ಒಡೆಯುತ್ತವೆ ಅಂತ ಹಿಡಿದು 970. ನೆತ್ತಿಯ ರಿಡ್ಜ್ ಹಂಚು ಒಂದರ ಮೇಲೊಂದು ಹತ್ತಿದ ಮೇಲೆ 35 ಸೆಂ.ಮೀ. ಮುಚ್ಚುತ್ತಿತ್ತು. 8.8 ಮೀಟರಿಗೆ 26 ಬೇಕು, 28 ತರಿಸಿದ್ವಿ.

ಪಕಾಸು 60 ಸೆಂ.ಮೀ.ಗೆ ಒಂದರಂತೆ ಬದಿಗೆ 16, ಒಟ್ಟು 32. ಒಂದೊಂದೂ 12 ಅಡಿ. ರೀಪು ಬದಿಗೆ 11 ಸಾಲು, ಜೊತೆಗೆ ಸೂರಿನ ತುದಿಗೆ ದಪ್ಪದ್ದು ಇನ್ನೊಂದು. ಅದು ಯಾಕೆ ದಪ್ಪ ಅಂದ್ರೆ, ಉಳಿದ ಹಂಚಿನ ಬಾಲ ಕೆಳಗಿನ ಹಂಚಿನ ಮೇಲೆ ಕೂತಿರುತ್ತದೆ, ಮೊದಲ ಸಾಲಿಗೆ ಆ ಆಸರೆ ಇಲ್ಲ. ದಪ್ಪ ರೀಪು ಇಲ್ಲದಿದ್ದರೆ ಮೊದಲ ಸಾಲು ತಲೆ ತಗ್ಗಿಸಿ ಎರಡನೇ ಸಾಲಿನ ಲಾಕ್ ಬಿಡಿಸುತ್ತದೆ. ಹೀಗೆ 24 ಸಾಲು, ಸುಮಾರು 211 ಮೀಟರ್ ರೀಪು.

ರೀಪು ಹೊಡೆಯುವಾಗ ಆಚಾರ್ರು ಪ್ರತಿ ಸಲ ಟೇಪ್ ಹಿಡಿಯಲಿಲ್ಲ. 32 ಸೆಂ.ಮೀ.ಗೆ ಒಂದು ಕೋಲು ಕತ್ತರಿಸಿ ಅದನ್ನೇ ಇಟ್ಟು ಹೊಡೆದ್ರು. ಮೂರ್ನಾಲ್ಕು ಸಾಲಿಗೊಮ್ಮೆ ಮಾತ್ರ ಒಟ್ಟು ಅಳತೆ ನೋಡಿ ಸರಿಮಾಡಿಕೊಳ್ತಿದ್ರು, ಇಲ್ಲದಿದ್ದರೆ ಸಣ್ಣ ತಪ್ಪು ಸಾಲಿನಿಂದ ಸಾಲಿಗೆ ಬೆಳೆಯುತ್ತದೆ. ಅಂತರ 33 ದಾಟಿದರೆ ಲಾಕ್ ಬಿಡುತ್ತದೆ, ಗಾಳಿಮಳೆ ಸೀದಾ ಒಳಗೆ. 31 ಆದರೆ ಮೇಲಿನ ಹಂಚು ಕೆಳಗಿನದನ್ನು ಹತ್ತಿ ಅಲ್ಲಾಡುತ್ತದೆ, ಮೇಲೆ ಕಾಲಿಟ್ಟರೆ ಒಡೆಯುತ್ತದೆ. ಮಧ್ಯಾಹ್ನ ಒಳಗೆ ಕತ್ತಲೆ ಮಾಡಿಕೊಂಡು ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ: ಸಾಲುಗಳ ನಡುವೆ ಬೆಳಕಿನ ಗೆರೆ ಕಂಡ ಕಡೆ ಮಳೆಗಾಲದಲ್ಲಿ ನೀರು ಬರುತ್ತದೆ.

ಎರಡನೇ ಲಾರಿಯ ಬಾಡಿಗೆ ಚಿಕ್ಕಪ್ಪನೇ ಕೊಟ್ರು. ಮೇ ಕೊನೆಯ ವಾರ ರಿಡ್ಜ್ ಹಂಚಿಗೆ ಗಾರೆ ಹಾಕಿ ಮುಗಿಸಿದ್ವಿ. ಜೂನ್‌ನಲ್ಲಿ ಫೋನ್ ಮಾಡಿದಾಗ, ಒಂದೇ ಒಂದು ಕಡೆ ತೊಟ್ಟಿಕ್ಕುತ್ತಿದೆ ಅಂದ್ರು. ಅದು ನಾವಿಬ್ಬರು ಕೋಲು ಹಿಡಿಯದೆ ಅಂದಾಜಿನಲ್ಲಿ ಹೊಡೆದ ಸಾಲು.