ಮುಚ್ಚಳ ಬಿದ್ದ ಕಣಿವೆ

ಜನವರಿಯ ಒಂದು ಬೆಳಿಗ್ಗೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ತಮ್ಮನ ಕಾರು ಹತ್ತಿದಾಗ ಹೊರಗಿನ ಚಳಿ ಸೊನ್ನೆಗಿಂತ 7 ಡಿಗ್ರಿ ಕೆಳಗಿತ್ತು. ನಾಲ್ಕು ಮನೆಯಾಚೆಗಿನ ಬೀದಿದೀಪ ಹಳದಿ ಕಲೆಯಂತೆ ಕಾಣುತ್ತಿತ್ತು. ಗಂಟಲಲ್ಲಿ ಸೀಮೆಎಣ್ಣೆ ಸ್ಟವ್ ಆರಿಸಿದಾಗಿನಂಥ ಕಮಟು. ಆಲ್ಟಾ ಎಂಬ ಬೆಟ್ಟದೂರಿನ ಕಡೆ ಹೊರಟೆವು. ಮೇಲೆ ಹೋದಂತೆ ಚಳಿ ಏರುತ್ತದೆಂದು ನಾನು ಮಫ್ಲರ್ ಬಿಗಿದುಕೊಂಡರೆ, ಕಾರಿನ ಪರದೆಯ ಮೇಲೆ ಅಂಕಿ ಏರತೊಡಗಿತು: −4, 0, ಆಮೇಲೆ 3. ಒಂದು ತಿರುವಿನಲ್ಲಿ ಮಂಜು ಥಟ್ಟನೆ ಮುಗಿದು ಕಣ್ಣು ಕುಕ್ಕುವ ಬಿಸಿಲು. ತಿರುಗಿ ನೋಡಿದರೆ ಊರೇ ಇಲ್ಲ, ಬೆಟ್ಟಗಳ ನಡುವೆ ಕದಡಿದ ಬೂದುಬಣ್ಣದ ಕೆರೆಯೊಂದು ನಿಂತಿದೆ.

“ಆರನೇ ದಿನ ಅಕ್ಕಾ, ಇನ್‌ವರ್ಷನ್,” ಎಂದ ತಮ್ಮ.

ನಮ್ಮ ಪಠ್ಯಪುಸ್ತಕದ ಮಾತಿನಲ್ಲಿ ಇದು ಉಷ್ಣಾಂಶದ ವಿಲೋಮ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಹಗಲಲ್ಲಿ ನೆಲ ಕಾದು, ಅದನ್ನು ತಾಕಿದ ಗಾಳಿ ಹಗುರಾಗಿ ಮೇಲೇಳುತ್ತದೆ, ಹೊಗೆಯನ್ನೂ ಹೊತ್ತೊಯ್ಯುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ಇದು ತಲೆಕೆಳಗು. ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಬೆಟ್ಟದ ಇಳಿಜಾರಿನಲ್ಲಿ ತಣಿದ ಭಾರದ ಗಾಳಿ ನೀರಿನಂತೆ ಹರಿದು ತಗ್ಗಿಗೆ ಸೇರುತ್ತದೆ. ಕೆಳಗೆ ಭಾರದ ತಣ್ಣನೆಯ ಗಾಳಿ, ಮೇಲೆ ಹಗುರಾದ ಬೆಚ್ಚನೆಯದು. ಕೆಳಗಿನದಕ್ಕೆ ಏಳಲು ಕಾರಣವೇ ಇಲ್ಲ.

ಬಯಲುಸೀಮೆಯಲ್ಲಿ ಇದು ಒಂದು ರಾತ್ರಿಯ ಮಾತು. ಬೆಳಗಿನ ಜಾವ ನಂದಿಬೆಟ್ಟದ ಮೇಲೆ ನಿಂತು ಕಾಲಕೆಳಗೆ ಮೋಡದ ಕಡಲು ನೋಡಿದವರು, ಹೊತ್ತೇರಿದಂತೆ ಅದು ಕರಗುವುದನ್ನೂ ನೋಡಿರುತ್ತಾರೆ. ಸಾಲ್ಟ್ ಲೇಕ್ ಕಣಿವೆಯಲ್ಲಿ ಹಾಗಾಗದು. ಊರು ಸುಮಾರು 1300 ಮೀಟರ್ ಎತ್ತರದಲ್ಲಿದ್ದರೂ ಪೂರ್ವಕ್ಕೆ ವಾಸಾಚ್, ಪಶ್ಚಿಮಕ್ಕೆ ಓಕರ್ ಬೆಟ್ಟಸಾಲುಗಳು ಅದಕ್ಕೆ ಗೋಡೆ. ನೆಲದ ಮೇಲೆ ಹಿಮ ಹಾಸಿದ್ದರೆ ಬಿಸಿಲಿನ ಬಹುಪಾಲು ಹಾಗೆಯೇ ಹಿಂದಿರುಗಿಬಿಡುತ್ತದೆ, ನೆಲ ಕಾಯುವುದೇ ಇಲ್ಲ. ಜೊತೆಗೆ ಅಧಿಕ ಒತ್ತಡದ ವಲಯ ಬಂದು ಕೂತರೆ ಮೇಲಿನ ಗಾಳಿ ನಿಧಾನವಾಗಿ ಕುಸಿಯುತ್ತಾ, ಒತ್ತಿಕೊಂಡು ಬಿಸಿಯಾಗಿ, ಮುಚ್ಚಳವನ್ನು ಇನ್ನಷ್ಟು ಭದ್ರ ಮಾಡುತ್ತದೆ. ಬೇಸಿಗೆಯಲ್ಲಿ ಎರಡು ಮೂರು ಕಿಲೋಮೀಟರ್ ಎತ್ತರದವರೆಗೆ ಹರಡುತ್ತಿದ್ದ ಹೊಗೆಗೆ ಈಗ ಸಿಗುವುದು ಕೆಲವು ನೂರು ಮೀಟರ್.

ಹೊಗೆ ಎಂದೆ. ಆದರೆ ಆ ಬೂದು ಕೆರೆಯಲ್ಲಿರುವುದು ಬರೀ ಹೊಗೆಯಲ್ಲ. ಪಿಎಂ 2.5 ಎನ್ನುವ ಸೂಕ್ಷ್ಮ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲೇ, ಗಾಳಿಯಲ್ಲೇ ಹುಟ್ಟಿಕೊಂಡದ್ದು. ವಾಹನಗಳು ಉಗುಳಿದ ನೈಟ್ರೋಜನ್ ಆಕ್ಸೈಡ್ ನೈಟ್ರಿಕ್ ಆಮ್ಲವಾಗಿ, ದನದ ಕೊಟ್ಟಿಗೆ, ಗೊಬ್ಬರಗಳಿಂದ ಬಂದ ಅಮೋನಿಯದೊಡನೆ ಸೇರಿ ಅಮೋನಿಯಂ ನೈಟ್ರೇಟ್ ಕಣವಾಗುತ್ತದೆ. ಚಳಿ ಮತ್ತು ತೇವ ಇದಕ್ಕೆ ಹೇಳಿ ಮಾಡಿಸಿದ ವಾತಾವರಣ. ಆದ್ದರಿಂದಲೇ ಮೊದಲ ದಿನ ಊರು ಬರೀ ಮಸುಕು, ಆರನೇ ದಿನ ಕೆಮ್ಮು.

ಬಿಡುಗಡೆ ಯಾವಾಗ ಎಂದು ತಿಳಿಯಲು ವಿಮಾನ ನಿಲ್ದಾಣದಿಂದ ಹವಾಮಾನ ಇಲಾಖೆ ದಿನಕ್ಕೆರಡು ಸಲ ಬಲೂನು ಹಾರಿಸುತ್ತದೆ. ಅದು ಎತ್ತರೆತ್ತರಕ್ಕೂ ಉಷ್ಣಾಂಶ ಕಳಿಸುತ್ತಾ ಹೋಗುತ್ತದೆ. ಅಂಕಿ ಏರುತ್ತಿದ್ದರೆ ಮುಚ್ಚಳ ಇನ್ನೂ ಇದೆ. ಇಲ್ಲಿ ಆಗಾಗ ಮೋಸವಾಗುವುದೂ ಉಂಟು. ಮೇಲೆ ಗಾಳಿ ಬೀಸುತ್ತದೆ, ಕೆರೆಯ ಮೇಲ್ಪದರ ಕೊಚ್ಚಿಹೋಗಿ ಶಿಖರಗಳು ಕಾಣುತ್ತವೆ, ಜನ ನಿಟ್ಟುಸಿರು ಬಿಡುತ್ತಾರೆ. ತಳದ ತಣ್ಣನೆಯ ಗಾಳಿ ಮಾತ್ರ ಅಲುಗಿರುವುದಿಲ್ಲ, ಮರುದಿನ ಕೊಳಕು ಮತ್ತೆ ತುಂಬಿಕೊಳ್ಳುತ್ತದೆ. ನಿಜವಾಗಿ ತೊಳೆಯಬೇಕಾದರೆ ಶೀತಗಾಳಿಯೊಡನೆ ಬಿರುಗಾಳಿಯೇ ಬರಬೇಕು.

ಮುಚ್ಚಳವೇ ತಪ್ಪಿತಸ್ಥ ಎನ್ನುವವರಿಗೆ ಪಕ್ಕದ ಯೂಟಾ ಕಣಿವೆಯ ಕಥೆ ಹೇಳಬೇಕು. ಅಲ್ಲಿ ಜಿನೀವಾ ಎಂಬ ಉಕ್ಕಿನ ಕಾರ್ಖಾನೆ ಇತ್ತು. ಕಾರ್ಮಿಕರ ತಕರಾರಿನಿಂದ ಅದು 1986ರ ಆಗಸ್ಟ್‌ನಿಂದ ಸುಮಾರು 13 ತಿಂಗಳು ಬಾಗಿಲು ಹಾಕಿತು. ಯಾರೂ ಯೋಜಿಸದ ಪ್ರಯೋಗ: ಅದೇ ಬೆಟ್ಟ, ಅದೇ ಚಳಿಗಾಲ, ಕೆಳಗೆ ಒಂದು ಕಾರ್ಖಾನೆ ಮಾತ್ರ ಇಲ್ಲ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆರ್ಡನ್ ಪೋಪ್ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಅವರು ವೈದ್ಯರಲ್ಲ, ಅರ್ಥಶಾಸ್ತ್ರಜ್ಞ. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು ಇತ್ತು. 1989ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ವಾಯುಮಾಲಿನ್ಯ ತಜ್ಞರು ಇಂದಿಗೂ ಉದಾಹರಿಸುತ್ತಾರೆ.

ಜಿನೀವಾ ಈಗಿಲ್ಲ. ಮುಚ್ಚಳದಡಿಯ ದೊಡ್ಡ ಪಾಲು ಈಗ ವಾಹನಗಳದ್ದು. ಕೊಳಕು ಮಿತಿಮೀರುವ ಸೂಚನೆಯಿದ್ದ ದಿನ ಮನೆಯ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ. ಕಾರಿಗೆ ಅಂಥ ತಡೆಯಿಲ್ಲ, ವಿನಂತಿಯಷ್ಟೆ.

ಮಧ್ಯಾಹ್ನ ಇಳಿಯುವಾಗ ಅದೇ ತಿರುವಿನಲ್ಲಿ ತಮ್ಮ ಹೊರಗಿನ ಗಾಳಿ ಒಳಬಾರದಂತೆ ಗುಂಡಿ ಒತ್ತಿದ. ನಮ್ಮ ಮುಂದೆ, ಬಿಸಿಲು ಕಾಯಿಸಿಕೊಂಡು ಬರುತ್ತಿದ್ದ ಕಾರುಗಳ ಸಾಲು ಒಂದೊಂದಾಗಿ ಬೂದು ಕೆರೆಗೆ ಇಳಿಯುತ್ತಿತ್ತು.