ವಾರಕ್ಕೊಂದೇ ಪೋಸ್ಟ್ ಸಾಕೇ?

ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರ ಇನ್‌ಸ್ಟಾಗ್ರಾಂ ಪುಟಗಳನ್ನು ಕೊನೆಯವರೆಗೆ ಸರಿಸಿ ನೋಡಿದರೆ ಎಷ್ಟೋ ಪುಟಗಳದ್ದು ಒಂದೇ ಕಥೆ. ಮೊದಲ ತಿಂಗಳು ದಿನಕ್ಕೊಂದು ಪೋಸ್ಟ್. ಎರಡನೇ ತಿಂಗಳು ಅದೇ ಬಾಟಲಿ, ಅದೇ ಟೇಬಲ್ಲು, ಕೆಳಗೆ ‘ಸ್ಟಾಕ್ ಇದೆ, ಮೆಸೇಜ್ ಮಾಡಿ’. ಆಮೇಲೆ ಹಬ್ಬಕ್ಕೊಂದು ಶುಭಾಶಯದ ಕಾರ್ಡು. ಅಲ್ಲಿಂದಾಚೆಗೆ ತಿಂಗಳುಗಟ್ಟಲೆ ಸದ್ದೇ ಇಲ್ಲ. ಹೊಸ ಗಿರಾಕಿ ಅಲ್ಲಿಗೆ ಬಂದರೆ ರುಚಿಯ ಬಗ್ಗೆ ಯೋಚಿಸುವ ಮೊದಲೇ ‘ಇವರು ಈಗಲೂ ಮಾಡ್ತಾರಾ?’ ಎಂದು ಅನುಮಾನಪಡುತ್ತಾರೆ.

ದಿನಾ ಹಾಕದಿದ್ದರೆ ಜನ ಮರೆತುಬಿಡುತ್ತಾರೆ ಎಂಬ ಹೆದರಿಕೆಯಿಂದ ಈ ಓಟ ಶುರುವಾಗುತ್ತದೆ. ಪೋಸ್ಟುಗಳು ಹಾಕಿದ ಹೊತ್ತಿನ ಸರದಿಯಲ್ಲೇ ಕಾಣಿಸುತ್ತಿದ್ದ ಕಾಲದಲ್ಲಿ ಆ ಹೆದರಿಕೆಗೆ ಅರ್ಥವಿತ್ತು. 2016ರಲ್ಲಿ ಇನ್‌ಸ್ಟಾಗ್ರಾಂ ಆ ಪದ್ಧತಿಯನ್ನು ಬಿಟ್ಟಿತು. ಈಗ ಯಾರಿಗೆ ಏನು ಇಷ್ಟವಾದೀತು ಎಂದು ಊಹಿಸಿ ತೋರಿಸುವುದರಿಂದ ಚೆನ್ನಾಗಿರುವ ಪೋಸ್ಟ್ ನಾಲ್ಕು ದಿನ ಕಳೆದ ಮೇಲೂ ಹೊಸಬರ ಕಣ್ಣಿಗೆ ಬೀಳುತ್ತದೆ. ಆ ಸಂಸ್ಥೆಯ ಮುಖ್ಯಸ್ಥ ಆಡಂ ಮೊಸೆರಿ ಅವರೇ 2021ರಲ್ಲಿ ಕೊಟ್ಟ ಸಲಹೆ ವಾರಕ್ಕೆ ಒಂದೆರಡು ಪೋಸ್ಟ್, ದಿನಕ್ಕೆ ಒಂದೆರಡು ಸ್ಟೋರಿ. ಅದೂ ಇದನ್ನೇ ಕಸುಬು ಮಾಡಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು. ಒಲೆ, ಪ್ಯಾಕಿಂಗು, ಕೊರಿಯರ್ ಎಲ್ಲವನ್ನೂ ತಾವೇ ನೋಡಿಕೊಳ್ಳುವವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು.

ಸಾಗರದ ಕಡೆ ಅತ್ತೆ ಸೊಸೆ ಸೇರಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡುತ್ತಾರೆ, ಫೋನಿನ ಕೆಲಸ ಸೊಸೆಯದು ಎಂದಿಟ್ಟುಕೊಳ್ಳೋಣ. ಅವರು ಮೊದಲು ಮಾಡಬೇಕಾದದ್ದು ಒಂದು ಪೋಸ್ಟಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಡುವುದು. ಚಿತ್ರ ತೆಗೆಯಲು ಅರ್ಧ ಗಂಟೆ, ಆರಿಸಿ ಕತ್ತರಿಸಲು ಅರ್ಧ ಗಂಟೆ, ನಾಲ್ಕು ಸಾಲು ಬರೆದು ಹಾಕಲು ಇಪ್ಪತ್ತು ನಿಮಿಷ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಪೋಸ್ಟ್ ನೋಡಿ ‘ರೇಟ್ ಎಷ್ಟು’, ‘ಮಂಗಳೂರಿಗೆ ಕಳಿಸ್ತೀರಾ’ ಎಂದು ಕೇಳುವವರಿಗೆ ಉತ್ತರಿಸುವುದಕ್ಕೂ ಮುಂದಿನ ಎರಡು ದಿನದಲ್ಲಿ ನಲವತ್ತು ನಿಮಿಷ ಬೇಕು. ಅಲ್ಲಿಗೆ ಎರಡು ಗಂಟೆ.

ಇನ್ನು ಸಿಗುವ ಸಮಯ. ಆರಾಮಿನ ವಾರದಲ್ಲಿ ಸೊಸೆಗೆ ನಾಲ್ಕು ಗಂಟೆ ಬಿಡುವು, ಆರ್ಡರ್ ಜಾಸ್ತಿ ಇರುವ ವಾರದಲ್ಲಿ ಎರಡೂವರೆ. ಆರಾಮಿನ ವಾರವನ್ನು ನಂಬಿ ವಾರಕ್ಕೆರಡು ಎಂದು ನಿಶ್ಚಯಿಸಿದರೆ ಮೊದಲ ಬಿಗಿ ವಾರದಲ್ಲೇ ತಪ್ಪುತ್ತದೆ. ಬಿಗಿ ವಾರದ ಎರಡೂವರೆ ಗಂಟೆಯನ್ನೇ ಹಿಡಿದರೆ ವಾರಕ್ಕೊಂದು. ಆರಾಮಿನ ವಾರದಲ್ಲಿ ಉಳಿಯುವ ಎರಡು ಗಂಟೆಯಲ್ಲಿ ಇನ್ನೊಂದು ಪೋಸ್ಟ್ ತಯಾರಾಗಲಿ, ಆದರೆ ಆ ವಾರ ಹಾಕುವುದು ಬೇಡ. ಅದನ್ನು ದಾಸ್ತಾನಿಗೆ ಸೇರಿಸಬೇಕು. ದಿನಾಂಕದ ಹಂಗಿಲ್ಲದ ಇಂಥ ಐದಾರು ಪೋಸ್ಟುಗಳು ಕೈಯಲ್ಲಿದ್ದರೆ ಮನೆಯಲ್ಲಿ ಮದುವೆ, ಜ್ವರ ಏನೇ ಬಂದರೂ ಪುಟ ಸುಮ್ಮನಾಗುವುದಿಲ್ಲ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ದಿನ, ಹೊತ್ತು ಗೊತ್ತುಮಾಡಿ ಇಟ್ಟರೆ ತಾನಾಗಿಯೇ ಪ್ರಕಟವಾಗುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಮಿಡಿಮಾವಿನ ಕಾಲ ಮಾತ್ರ ಈ ಲೆಕ್ಕಕ್ಕೆ ಸಿಗದು. ಮಿಡಿ ಬಂದ ದಿನವೇ ಆರಿಸಿ, ತೊಟ್ಟು ತೆಗೆದು, ಉಪ್ಪಿಗೆ ಹಾಕಬೇಕು. ಅದು ಮುಗಿಯುವಷ್ಟರಲ್ಲಿ ಹಲಸು ಬಲಿತು ಮಳೆಗೆ ಮೊದಲು ಹಪ್ಪಳ ಒಣಗಬೇಕು. ಆಗ ಬರೆಯುವುದಕ್ಕೆ ಪುರುಸೊತ್ತಿಲ್ಲ, ಆದರೆ ವರ್ಷವಿಡೀ ಹೇಳಬಹುದಾದದ್ದೆಲ್ಲ ಕಣ್ಣೆದುರಿಗಿರುವುದೂ ಆಗಲೇ. ತೊಟ್ಟು ಮುರಿದಾಗ ಚಿಮ್ಮುವ ಸೊನೆ, ಚಾಪೆಯ ಮೇಲೆ ಸಾಲಾಗಿ ಒಣಗುವ ಹಪ್ಪಳ, ಜೀರಿಗೆ ಮಿಡಿಯನ್ನು ಮೂಸಿ ಗುರುತಿಸುವ ಅತ್ತೆ. ಫೋನನ್ನು ಡಬ್ಬಕ್ಕೆ ಒರಗಿಸಿ ಹತ್ತು ನಿಮಿಷ ಓಡಲು ಬಿಟ್ಟರೆ ಸಾಕು. ಆ ತಿಂಗಳುಗಳಲ್ಲಿ ದಾಸ್ತಾನಿನಿಂದ ಹಾಕುತ್ತಾ, ಹೊಸ ಚಿತ್ರಗಳನ್ನು ಕೂಡಿಡುತ್ತಾ ಹೋಗಬೇಕು. ಹಪ್ಪಳ ಕರಿಯುವ ಆಸೆ ಹುಟ್ಟುವುದು ಹೇಗೂ ಮಳೆಗಾಲದಲ್ಲಿ.

ಕಡಿಮೆ ಹಾಕಿದರೆ ಗುಣ ಏರುತ್ತದೆ ಎನ್ನುವುದು ಹೇಗೆ? ಉದಾಹರಣೆಗೆ, ಪೇಟೆಯ ಗಿರಾಕಿಗಳು ‘ಮಿಡಿ ಸುಕ್ಕುಗಟ್ಟಿದೆ, ಕೆಟ್ಟಿದೆಯಾ?’ ಎಂದು ಕೇಳುವುದುಂಟು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುವುದರಿಂದ ಅದು ಚಿರುಟುತ್ತದೆ, ಹಾಗೆ ಚಿರುಟಿದರೇನೇ ಬಾಳಿಕೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು. ಭರಣಿಗೆ ಬಿದ್ದ ದಿನದ ಗುಂಡಗಿನ ಮಿಡಿ, ಕೆಲವು ವಾರಗಳ ಬಳಿಕ ಅದೇ ಭರಣಿಯ ಸುಕ್ಕು ಮಿಡಿ, ಅಕ್ಕಪಕ್ಕ ಇಟ್ಟು ಅರ್ಧ ನಿಮಿಷದ ರೀಲ್ಸ್. ಎರಡು ಚಿತ್ರಗಳ ನಡುವೆ ವಾರಗಟ್ಟಲೆ ಅಂತರ ಬೇಕಾದ ಇಂಥ ಪೋಸ್ಟ್ ದಿನಕ್ಕೊಂದು ಹಾಕುವ ಗಡಿಬಿಡಿಯಲ್ಲಿ ಹುಟ್ಟುವುದಿಲ್ಲ. ಜನ ಉಳಿಸಿಕೊಳ್ಳುವುದೂ, ಅಕ್ಕನಿಗೋ ಗೆಳತಿಗೋ ಕಳಿಸುವುದೂ ಇಂಥದ್ದನ್ನೇ. ಹೀಗೆ ಒಬ್ಬರಿಂದೊಬ್ಬರಿಗೆ ಹೋಗುವುದಕ್ಕೆ ಇನ್‌ಸ್ಟಾಗ್ರಾಂ ಬಹಳ ಬೆಲೆ ಕೊಡುತ್ತದೆಂದು 2025ರ ಆರಂಭದಲ್ಲಿ ಮೊಸೆರಿಯೇ ಹೇಳಿದ್ದಾರೆ. ಶುಭಾಶಯದ ಕಾರ್ಡನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಅದನ್ನು ಪೂರ್ತಿ ಬಿಟ್ಟುಬಿಡಬಹುದು.

ನಿಶ್ಚಯಿಸಿದ ಸಂಖ್ಯೆ ಸರಿಯೇ ಎಂದು ತಿಳಿಯಲು ಎಂಟು ವಾರವಾದರೂ ಬದಲಿಸದೆ ನಡೆಸಬೇಕು. ಬಿಸಿನೆಸ್ ಖಾತೆಯಲ್ಲಿ ಪ್ರತಿ ಪೋಸ್ಟಿನ ಇನ್‌ಸೈಟ್ಸ್ ತೆರೆದರೆ ಎಷ್ಟು ಮಂದಿ ನೋಡಿದರು, ಉಳಿಸಿಕೊಂಡರು, ಹಂಚಿದರು ಎಂದು ಗೊತ್ತಾಗುತ್ತದೆ. ಲೈಕಿಗಿಂತ ಕೊನೆಯ ಎರಡನ್ನು ನೋಡಿ. ಜೊತೆಗೆ ಆರ್ಡರ್ ಕೊಡುವವರನ್ನೆಲ್ಲ ‘ಎಲ್ಲಿ ನೋಡಿದ್ರಿ?’ ಎಂದು ಕೇಳಿ ಆರ್ಡರ್ ಪುಸ್ತಕದಲ್ಲೇ ಗುರುತು ಹಾಕಬೇಕು. ಆಮೇಲೆ ಬೇಕಾದರೆ ಇನ್ನೆಂಟು ವಾರ ವಾರಕ್ಕೆರಡರಂತೆ ಹಾಕಿ ನೋಡಬಹುದು. ಹೋಲಿಸುವಾಗ ಒಟ್ಟು ಆರ್ಡರನ್ನು ಪೋಸ್ಟಿನ ಸಂಖ್ಯೆಯಿಂದ ಭಾಗಿಸದೆ, ಖರ್ಚಾದ ಗಂಟೆಯಿಂದ ಭಾಗಿಸಬೇಕು. ಎರಡು ಗಂಟೆಗೆ ಆರು ಆರ್ಡರ್ ಬರುತ್ತಿದ್ದದ್ದು ನಾಲ್ಕು ಗಂಟೆಗೆ ಏಳಾದರೆ ಆ ಎರಡನೇ ಪೋಸ್ಟ್ ಒಂದೇ ಆರ್ಡರ್ ತಂದಿತು. ಆದರೆ ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಒಂದೆರಡು ಹೆಚ್ಚುಕಡಿಮೆಯನ್ನು ನಂಬುವಂತಿಲ್ಲ, ಗೌರಿ ಹಬ್ಬ, ದೀಪಾವಳಿಯ ವಾರಗಳನ್ನಂತೂ ಹೋಲಿಕೆಯಿಂದ ಹೊರಗಿಡಬೇಕು.

ಅಂಕಿಗಳಿಗಿಂತ ಮುಂಚೆ ಎಚ್ಚರಿಸುವ ಗುರುತುಗಳೂ ಇವೆ. ಬರಹ ಒಂದೇ ಸಾಲಿಗೆ ಇಳಿಯುತ್ತದೆ, ಹಳೆಯ ಚಿತ್ರ ಮತ್ತೆ ಬರುತ್ತದೆ, ಬೆಳಿಗ್ಗೆ ಬಂದ ಪ್ರಶ್ನೆಗೆ ಮರುದಿನ ಸಂಜೆ ಉತ್ತರ ಹೋಗುತ್ತದೆ. ಇದರಲ್ಲಿ ಕೊನೆಯದು ದುಬಾರಿ, ಏಕೆಂದರೆ ಕೇಳಿದವರು ಅಷ್ಟರಲ್ಲಿ ಬೇರೆಡೆ ಕೊಂಡಿರುತ್ತಾರೆ. ಹೀಗಾದಾಗ ವಾರಕ್ಕೊಂದನ್ನು ಹದಿನೈದು ದಿನಕ್ಕೊಂದು ಮಾಡಿ, ಉಳಿದ ಹೊತ್ತನ್ನು ಉತ್ತರಿಸಲು ಕೊಟ್ಟರೆ ನಷ್ಟವೇನಿಲ್ಲ.

ಈ ಲೆಕ್ಕ ಎಲ್ಲ ವ್ಯಾಪಾರಕ್ಕೂ ಹೊಂದುವುದಿಲ್ಲ. ಊಟ ಕಳಿಸುವ ಮೆಸ್‌ನವರಿಗೆ ಇವತ್ತಿನ ಪಲ್ಯ ಯಾವುದೆಂಬುದು ನಾಳೆಗೆ ಹಳೇ ಸುದ್ದಿ, ಅವರು ದಿನಾ ಹೇಳಲೇಬೇಕು. ಅದಕ್ಕೆ 24 ಗಂಟೆಯಲ್ಲಿ ಮಾಯವಾಗುವ ವಾಟ್ಸಾಪ್ ಸ್ಟೇಟಸ್ ಇದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದರ ಫೋಟೊ ಹಾಕಲು ಎರಡು ನಿಮಿಷ ಸಾಕು. ಸಾಗರದ ಸೊಸೆಯೂ ‘ಇವತ್ತು ಕೊರಿಯರ್ ಹೋಗುತ್ತದೆ, ಹನ್ನೊಂದರೊಳಗೆ ಹೇಳಿ’ ಎಂಬುದನ್ನು ಅಲ್ಲೇ ಹಾಕಬಹುದು. ವಾರದ ಪೋಸ್ಟಿನ ಜಾಗವನ್ನು ಅದಕ್ಕೆ ಬಿಟ್ಟುಕೊಡಬೇಕಾಗಿಲ್ಲ.